ಹಳಸಿದ್ದು ಮೂಗಿಗೆ ಯಾವಾಗ ಗೊತ್ತಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಮುಚ್ಚಳ ತೆಗೆದು ಮೂಸಿ ನೋಡಿ, ‘ವಾಸನೆ ಬಂದಿಲ್ಲ, ತಿನ್ನಬಹುದು’ ಅನ್ನುವುದು ಎಲ್ಲ ಅಡುಗೆಮನೆಗಳಲ್ಲೂ ನಡೆಯುವ ಪರೀಕ್ಷೆ. ಹಸಿ ಮಾಂಸ ಮತ್ತು ಹಾಲು ಕೆಟ್ಟಿದ್ದನ್ನು ಅದು ಸಾಕಷ್ಟು ಚೆನ್ನಾಗಿ ಹಿಡಿದುಕೊಡುತ್ತದೆ. ಅನ್ನದ ವಿಷಯದಲ್ಲಿ ಮಾತ್ರ ಕೈಕೊಡುತ್ತದೆ. ಏಕೆ ಎಂಬುದೇ ಇವತ್ತಿನ ಮಾತು.

ಮೊದಲು ಮಾಂಸ. ಫ್ರಿಜ್‌ನಲ್ಲಿಟ್ಟ ಮಾಂಸ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಕೆಟ್ಟಿತು ಎಂದು ಎಸೆಯುವವರಿದ್ದಾರೆ. ಬಣ್ಣವೊಂದನ್ನೇ ನೋಡಿ ತೀರ್ಮಾನಿಸಬೇಡಿ. ಮಾಂಸಕ್ಕೆ ಕೆಂಪು ಕೊಡುವ ಮಯೋಗ್ಲೋಬಿನ್ ಗಾಳಿ ತಾಗುತ್ತಾ ತಾಗುತ್ತಾ ತಾನಾಗಿಯೇ ಕಂದಾಗುತ್ತದೆ. ನಿಜವಾದ ಗುರುತು ಬೆರಳಿಗೆ ಸಿಗುತ್ತದೆ. ತಾಜಾ ಮಾಂಸದ ಮೇಲೆ ಬೆರಳಾಡಿಸಿದರೆ ತೇವ ಹತ್ತುತ್ತದೆ, ಆದರೆ ಜಿಗುಟು ಇರುವುದಿಲ್ಲ. ಕೆಟ್ಟ ಮಾಂಸ ಬೆರಳಿಗೆ ಅಂಟುತ್ತದೆ, ತೊಳೆದರೂ ಲೋಳೆ ಪೂರ್ತಿ ಹೋಗುವುದಿಲ್ಲ. ಫ್ರಿಜ್‌ನ ತಂಪಿನಲ್ಲೂ ಬೆಳೆಯುವ ಸೂಡೋಮೊನಾಸ್ ಜಾತಿಯ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಇದಕ್ಕೆ ಕಾರಣ. ಅವು ಮೊದಲು ಮಾಂಸದಲ್ಲಿರುವ ಸಕ್ಕರೆಯನ್ನು ಮುಗಿಸಿ, ಆಮೇಲೆ ಪ್ರೋಟೀನಿನ ಅಂಶಗಳಿಗೆ ಬಾಯಿ ಹಾಕುತ್ತವೆ. ಆಗ ಗಬ್ಬು ವಾಸನೆ ಏಳುತ್ತದೆ. ವಾಸನೆ ಬರುವ ಹೊತ್ತಿಗೆ ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು ಒಂದು ಕೋಟಿ ಬ್ಯಾಕ್ಟೀರಿಯಾ ಇರುತ್ತವೆ, ಲೋಳೆ ಕಾಣುವ ಹೊತ್ತಿಗೆ ಅದರ ಹತ್ತು ಪಟ್ಟು. ಗಾಳಿ ತೆಗೆದ ಪ್ಯಾಕೆಟ್ ಒಡೆದಾಗ ಬರುವ ಹುಳಿ ವಾಸನೆಗೆ ಗಾಬರಿಯಾಗಬೇಡಿ. ಹತ್ತಿಪ್ಪತ್ತು ನಿಮಿಷ ಬಿಟ್ಟು ಮತ್ತೆ ಮೂಸಿ. ಆಗಲೂ ವಾಸನೆ ಉಳಿದಿದ್ದರೆ ಎಸೆಯಿರಿ.

ಹಾಲು ಹುಳಿಯಾಗಿ ಒಡೆಯುವುದು ಎಲ್ಲರಿಗೂ ಗೊತ್ತು. ಆದರೆ ಫ್ರಿಜ್‌ನಲ್ಲಿ ಬಹಳ ದಿನ ಇದ್ದ ಹಾಲು ಹುಳಿಯಾಗದೆಯೂ ಕೆಡಬಹುದು. ತಂಪಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳ ಕಿಣ್ವಗಳು ಪ್ರೋಟೀನನ್ನು ತುಂಡರಿಸಿದರೆ ಹಾಲು ಕಹಿಯಾಗುತ್ತದೆ, ಕೊಬ್ಬನ್ನು ಒಡೆದರೆ ಕಮಟು ವಾಸನೆ ಹೊಡೆಯುತ್ತದೆ. ಈ ಕಿಣ್ವಗಳಲ್ಲಿ ಕೆಲವು ಕಾಯಿಸಿದರೂ ಉಳಿಯುತ್ತವೆ. ಆದ್ದರಿಂದ ಕಹಿಯಾದ ಹಾಲನ್ನು ಮತ್ತೊಮ್ಮೆ ಕಾಯಿಸಿ ಸರಿಮಾಡಲು ಹೋಗಬೇಡಿ, ಚೆಲ್ಲಿಬಿಡಿ.

ಈಗ ಅನ್ನಕ್ಕೆ ಬರೋಣ. ರಾತ್ರಿ ಒಂಬತ್ತಕ್ಕೆ ದೊಡ್ಡ ಪಾತ್ರೆ ತುಂಬ ಅನ್ನ ಮಾಡಿದ್ದೀರಿ, ಅರ್ಧ ಉಳಿಯಿತು, ಮುಚ್ಚಳ ಹಾಕಿ ಕಟ್ಟೆಯ ಮೇಲೆ ಬಿಟ್ಟಿರಿ ಎಂದುಕೊಳ್ಳಿ. ಅಕ್ಕಿಯ ಜೊತೆ ಮಣ್ಣಿನಿಂದ ಬಂದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅನ್ನ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆರತೊಡಗಿದ ಮೇಲೆ ಅವು ಮೊಳೆಯಬಲ್ಲವು. ಪಾತ್ರೆಯ ಅಂಚು ಬೇಗ ಆರುತ್ತದೆ, ನಡುವಿನ ಅನ್ನ ಮಾತ್ರ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಬೇಯುವಾಗ ಪೈಪೋಟಿಗಿದ್ದ ಬೇರೆ ಬ್ಯಾಕ್ಟೀರಿಯಾಗಳು ಬಹುತೇಕ ಸತ್ತಿರುವುದರಿಂದ ಇವು ಅಡ್ಡಿಯಿಲ್ಲದೆ ಹೆಚ್ಚುತ್ತವೆ. ಇವುಗಳಲ್ಲಿ ಕೆಲವು ತಳಿಗಳು ಸೆರಿಯುಲೈಡ್ ಎಂಬ ವಿಷವನ್ನು ಅನ್ನದಲ್ಲೇ ಬಿಡುತ್ತವೆ.

ಬೆಳಿಗ್ಗೆ ಏಳಕ್ಕೆ ಮುಚ್ಚಳ ತೆಗೆಯುತ್ತೀರಿ. ಅಗುಳು ಉದುರುದುರಾಗಿದೆ, ಹುಳಿ ವಾಸನೆಯಿಲ್ಲ. ಅನ್ನ ಹಿಸುಕಿದಾಗ ಲೋಳೆಯ ಎಳೆ ಬಂದರೆ ಅದು ಹಳಸಿದ್ದು ಖಚಿತ. ಆದರೆ ಎಳೆ ಬರಲಿಲ್ಲ ಎಂದ ಮಾತ್ರಕ್ಕೆ ವಿಷವಿಲ್ಲ ಎನ್ನಲಾಗದು. ವಾಸನೆ, ಲೋಳೆ ಹುಟ್ಟಿಸುವ ಬ್ಯಾಕ್ಟೀರಿಯಾಗಳೇ ಬೇರೆ, ಈ ವಿಷ ಮಾಡುವವು ಬೇರೆ. ಸೆರಿಯುಲೈಡ್‌ಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಒಗ್ಗರಣೆ ಹಾಕಿ ಎಷ್ಟು ಬಿಸಿ ಮಾಡಿದರೂ ಬ್ಯಾಕ್ಟೀರಿಯಾ ಸಾಯಬಹುದೇ ಹೊರತು ವಿಷ ಹೋಗುವುದಿಲ್ಲ. 121 ಡಿಗ್ರಿಯ ಶಾಖವನ್ನೂ ಅದು ತಡೆದುಕೊಳ್ಳುತ್ತದೆ. ತಿಂದವರಿಗೆ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ.

ಹಾಗಾಗಿ ಬೇಯಿಸಿದ ಪದಾರ್ಥಕ್ಕೆ ಗಡಿಯಾರವೇ ಗುರುತು. ಹೊರಗಿಟ್ಟು ಎರಡು ಗಂಟೆ ದಾಟಿದ್ದರೆ, ಸೆಕೆ 32 ಡಿಗ್ರಿಗಿಂತ ಹೆಚ್ಚಿದ್ದಾಗ ಒಂದೇ ಗಂಟೆ ದಾಟಿದ್ದರೆ, ವಾಸನೆ ಹೇಗೇ ಇರಲಿ, ಎಸೆಯಬೇಕು. ‘ಚೂರು ರುಚಿ ನೋಡೋಣ’ ಎನ್ನುವುದೂ ಬೇಡ, ರುಚಿಯಿಂದ ಏನೂ ತಿಳಿಯದು. ಎಷ್ಟು ಹೊತ್ತಿನಿಂದ ಹೊರಗಿದೆ ಎಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ ಅದನ್ನೂ ಎಸೆಯುವ ಪಟ್ಟಿಗೇ ಸೇರಿಸಿ.

ಉಳಿಸಬೇಕೆಂದಿದ್ದರೆ ಅನ್ನವನ್ನು ಅಗಲ ತಟ್ಟೆಯಲ್ಲಿ ಎರಡು ಬೆರಳು ದಪ್ಪಕ್ಕಿಂತ ಹೆಚ್ಚಿಲ್ಲದಂತೆ ಹರಡಿ, ಆವಿ ಹೋದ ಕೂಡಲೇ ಫ್ರಿಜ್‌ಗೆ ಇಡಿ. ಪಾತ್ರೆ ಸಮೇತ ಇಟ್ಟರೆ ಹೊರಗಿನ ಅನ್ನ ತಣ್ಣಗಾದರೂ ನಡುವಿನದು ಬೆಚ್ಚಗೇ ಉಳಿಯುತ್ತದೆ. ಫ್ರಿಜ್ ಒಳಗೆ 5 ಡಿಗ್ರಿಗಿಂತ ಕಡಿಮೆ ಇರಲಿ. ಮರುದಿನವೇ ಹಬೆಯಾಡುವಷ್ಟು ಬಿಸಿ ಮಾಡಿ ತಿಂದು ಮುಗಿಸಿ. ಬಿಸಿ ಮಾಡಿಯೂ ಮಿಕ್ಕಿದ್ದನ್ನು ಮತ್ತೆ ಒಳಗಿಡಬೇಡಿ.