ಇಂಗುಗುಂಡಿಯ ಅಳತೆ: ಚಾವಣಿ ಕೊಡುವ ನೀರು, ಮಣ್ಣು ಹೀರುವ ನೀರು

[ತೆರೆಯ ಮೇಲೆ: ಚಾವಣಿಯ ನಕ್ಷೆ, ಪಕ್ಕದಲ್ಲಿ ಖಾಲಿ ಗುಂಡಿಯ ಚಿತ್ರ]

ನಮಸ್ಕಾರ. ಚಾವಣಿಯ ಮಳೆನೀರನ್ನು ಭೂಮಿಗೆ ಇಂಗಿಸುವ ಗುಂಡಿಯನ್ನು ಎಷ್ಟು ಉದ್ದ, ಅಗಲ ಮತ್ತು ಆಳಕ್ಕೆ ತೋಡಬೇಕು ಎಂಬುದನ್ನು ಇಂದು ಒಂದು ಉದಾಹರಣೆಯ ಮೂಲಕ ಲೆಕ್ಕ ಹಾಕೋಣ.

ಮೊದಲು ಚಾವಣಿ. ಇಳಿಜಾರು ಚಾವಣಿಯಾದರೆ ಹೆಂಚಿನ ಮೇಲ್ಮೈಯನ್ನು ಅಳೆಯಬಾರದು, ಅದು ನೆಲದ ಮೇಲೆ ಆವರಿಸುವ ಜಾಗವನ್ನು ಮಾತ್ರ ಅಳೆಯಬೇಕು. ನೇರವಾಗಿ ಬೀಳುವ ಮಳೆಗೆ ಕಾಣುವುದು ಅಷ್ಟೇ ಜಾಗ. ನಮ್ಮ ಉದಾಹರಣೆಯ ಚಾವಣಿ 100 ಚದರ ಮೀಟರ್ ಇರಲಿ, ಒಂದು ಗಂಟೆಯಲ್ಲಿ 40 ಮಿಲಿಮೀಟರ್ ಮಳೆ ಸುರಿಯಲಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಆದ್ದರಿಂದ ಒಟ್ಟು 4000 ಲೀಟರ್. ಚಾವಣಿಯನ್ನು ನೆನೆಸಲು, ಸಿಡಿಯಲು ಮತ್ತು ಸೋರಲು ಹೋಗುವ ಪಾಲನ್ನು ನೂರಕ್ಕೆ 15 ಎಂದು ಕಳೆದರೆ 3400 ಲೀಟರ್ ಗುಂಡಿಯನ್ನು ತಲುಪುತ್ತದೆ.

ಇನ್ನು ಮಣ್ಣು. ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

[ತೆರೆಯ ಮೇಲೆ: ಪರೀಕ್ಷಾ ಕುಳಿ, ಅದರೊಳಗೆ ಅಳತೆಪಟ್ಟಿ]

ಗುಂಡಿ ಬರಬೇಕಾದ ಜಾಗದಲ್ಲಿಯೇ, ಮೇಲ್ಮಣ್ಣಿನಲ್ಲಲ್ಲದೆ ನೀರು ಇಂಗಬೇಕಾದ ಪದರದಲ್ಲಿ, 30 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ ಮತ್ತು ಆಳದ ಚೌಕ ಕುಳಿಯನ್ನು ತೋಡಿ, ಹಿಂದಿನ ದಿನವೇ ನೀರು ತುಂಬಿ ಮಣ್ಣನ್ನು ಚೆನ್ನಾಗಿ ನೆನೆಸಬೇಕು. ಒಣ ಮಣ್ಣು ಮೊದಲ ಸಲ ಆತುರದಿಂದ ನೀರು ಕುಡಿಯುತ್ತದೆ, ಮಳೆಗಾಲದಲ್ಲಿ ಹಾಗೆ ಕುಡಿಯುವುದಿಲ್ಲ. ಮರುದಿನ ಮತ್ತೆ ಮತ್ತೆ ತುಂಬಿ, ಇಳಿಯುವ ವೇಗ ಒಂದೇ ಸಮನಾದ ಮೇಲೆ ಬರುವ ಅಳತೆಯನ್ನು ಮಾತ್ರ ನಂಬಬೇಕು.

ನೀರಿನ ಮಟ್ಟ 25 ಸೆಂಟಿಮೀಟರಿನಿಂದ 15ಕ್ಕೆ ಇಳಿಯಲು 33 ನಿಮಿಷ ಹಿಡಿಯಿತು ಎನ್ನೋಣ. ಹತ್ತು ಸೆಂಟಿಮೀಟರಿಗೆ 33 ನಿಮಿಷವಾದರೆ ಗಂಟೆಗೆ ಸುಮಾರು 180 ಮಿಲಿಮೀಟರ್ ಎಂದು ಬರೆದುಕೊಳ್ಳುವುದು ತಪ್ಪು. ಕುಳಿಯ ನೀರು ತಳದಿಂದ ಮಾತ್ರವಲ್ಲ, ನಾಲ್ಕು ಗೋಡೆಗಳಿಂದಲೂ ಹೊರಹೋಗಿದೆ. ಇಳಿದ ನೀರು 9 ಲೀಟರ್. ಸರಾಸರಿ 20 ಸೆಂಟಿಮೀಟರ್ ನೀರಿದ್ದಾಗ ಒದ್ದೆಯಾಗಿದ್ದ ತಳ ಮತ್ತು ಗೋಡೆಗಳು ಸೇರಿ 0.33 ಚದರ ಮೀಟರ್. ಈ ಲೆಕ್ಕದಲ್ಲಿ ಪ್ರತಿ ಚದರ ಮೀಟರ್ ಮಣ್ಣು ಗಂಟೆಗೆ ಹೀರುವುದು ಸುಮಾರು 50 ಲೀಟರ್ ಮಾತ್ರ, ಅಂದರೆ ಮೊದಲ ಅಂದಾಜಿನ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು. ಕಾಲಕ್ರಮೇಣ ಹೂಳು ಕಟ್ಟುವುದು ಖಚಿತವಾದ್ದರಿಂದ ಇದರಲ್ಲೂ ಅರ್ಧವನ್ನು, ಎಂದರೆ 25 ಲೀಟರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ.

ಈಗ 2 ಮೀಟರ್ ಉದ್ದ, ಅಗಲ ಮತ್ತು ಆಳದ ಗುಂಡಿಯನ್ನು ಪರೀಕ್ಷಿಸೋಣ. ಇದಕ್ಕೆ ದಪ್ಪ ಕಲ್ಲು ತುಂಬಿದರೆ 8000 ಲೀಟರ್ ಜಾಗದಲ್ಲಿ ನೀರಿಗೆ ಉಳಿಯುವುದು ಕಲ್ಲುಗಳ ನಡುವಿನ ಸಂದು ಮಾತ್ರ. 10 ಲೀಟರಿನ ಬಕೆಟ್ಟಿಗೆ ಅದೇ ಕಲ್ಲನ್ನು ಅಂಚಿನವರೆಗೆ ತುಂಬಿ, ಅದರಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂದು ನೋಡಿದರೆ ಈ ಪಾಲು ತಿಳಿಯುತ್ತದೆ. 4 ಲೀಟರ್ ಹಿಡಿದರೆ, ಗುಂಡಿಯಲ್ಲಿ 3200 ಲೀಟರ್ ನಿಲ್ಲುತ್ತದೆ.

ತಳ ಬೇಗ ಹೂಳು ಹಿಡಿಯುವುದರಿಂದ ಅದನ್ನು ಬಿಟ್ಟು, ಗೋಡೆಗಳ ಅರ್ಧ ಎತ್ತರವನ್ನು ಮಾತ್ರ ಗಣಿಸಿದರೆ 8 ಚದರ ಮೀಟರ್ ಆಗುತ್ತದೆ. ಅದು ಗಂಟೆಗೆ 200 ಲೀಟರ್ ಹೀರುತ್ತದೆ. 3200 ಮತ್ತು 200 ಸೇರಿ 3400: ಗುಂಡಿ ಸಾಕು. ಮಳೆ ಸುರಿಯುವ ಒಂದು ಗಂಟೆಯಲ್ಲಿ ಮಣ್ಣು ನಮಗೆ ನೆರವಾಗುವುದು ಬಹಳ ಕಡಿಮೆ ಎಂಬುದನ್ನು ಗಮನಿಸಿ. ಗುಂಡಿಯ ಗಾತ್ರವನ್ನು ಬಹುಮಟ್ಟಿಗೆ ಚಾವಣಿಯೇ ನಿರ್ಧರಿಸುತ್ತದೆ. ಮಣ್ಣು ನಿರ್ಧರಿಸುವುದು ಅದು ಮುಂದಿನ ಮಳೆಗೆ ಖಾಲಿಯಾಗುತ್ತದೆಯೇ ಎಂಬುದನ್ನು. ಇಲ್ಲಿ ಅರ್ಧ ನೀರು, ಅಂದರೆ 1600 ಲೀಟರ್, 8 ಗಂಟೆಯಲ್ಲಿ ಇಳಿಯುತ್ತದೆ. 24 ಗಂಟೆಯೊಳಗೆ ಅರ್ಧ ಖಾಲಿಯಾಗಬೇಕು ಎಂಬ ರೂಢಿಯ ಮಿತಿಗೆ ಇದು ಒಳಪಟ್ಟಿದೆ.

[ತೆರೆಯ ಮೇಲೆ: ಚೌಕ ಗುಂಡಿ ಮತ್ತು ಕಿರಿದಾದ ಕಂದಕ ಅಕ್ಕಪಕ್ಕ]

ಜೇಡಿ ಹೆಚ್ಚಿರುವ ಮಣ್ಣಿನಲ್ಲಿ ಲೆಕ್ಕಕ್ಕೆ ಹಿಡಿಯುವ ವೇಗ 5 ಲೀಟರಿಗೆ ಇಳಿದರೆ, ಇದೇ ಗುಂಡಿ ಅರ್ಧ ಖಾಲಿಯಾಗಲು 40 ಗಂಟೆ ಬೇಕು. ಆಗ ಗಾತ್ರಕ್ಕಿಂತ ಆಕಾರವನ್ನು ಬದಲಿಸಿ. ಅದೇ 8000 ಲೀಟರ್ ಜಾಗವನ್ನು 8 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 2 ಮೀಟರ್ ಆಳದ ಕಂದಕವಾಗಿ ತೋಡಿದರೆ ಲೆಕ್ಕಕ್ಕೆ ಸಿಗುವ ಗೋಡೆ 17 ಚದರ ಮೀಟರ್ ಆಗಿ, ಅವಧಿ ಸುಮಾರು 19 ಗಂಟೆಗೆ ತಗ್ಗುತ್ತದೆ. ಅಂತರ್ಜಲ ಮಳೆಗಾಲದಲ್ಲಿ ಗುಂಡಿಯ ತಳದ ಸಮೀಪಕ್ಕೇ ಏರುವ ಜಾಗದಲ್ಲಿ ಮಾತ್ರ ಯಾವ ಆಕಾರವೂ ಫಲಿಸುವುದಿಲ್ಲ.

ಕಲ್ಲು ತುಂಬುವಾಗ ತಳದವರೆಗೆ ರಂಧ್ರಗಳಿರುವ ಒಂದು ಪೈಪನ್ನು ನಿಲ್ಲಿಸಿ. ಗುಂಡಿ ತುಂಬಿದ ಮಳೆಯ ನಂತರ ಅದರೊಳಗೆ ಕೋಲು ಇಳಿಸಿ ಮಟ್ಟವನ್ನು ಗುರುತಿಸಿಕೊಂಡರೆ, ಎಂಟು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತಿದ್ದ ನೀರು ಇಪ್ಪತ್ತು ಗಂಟೆ ತೆಗೆದುಕೊಳ್ಳತೊಡಗಿದ ದಿನವೇ ಹೂಳು ಗೋಡೆಗೆ ಹತ್ತಿರುವುದು ತಿಳಿಯುತ್ತದೆ. ಆಗ ಕಲ್ಲು ತೆಗೆದು ತೊಳೆದು, ಗೋಡೆಯನ್ನು ಕೆರೆದು, ಗುಂಡಿಗೆ ಮೊದಲು ನೀರು ತಂಗುವ ಹೂಳುತೊಟ್ಟಿಯನ್ನೂ ಪರಿಶೀಲಿಸಬೇಕು.