ರೇಟು ಒಪ್ಪಿದ್ದು ಸರಿ, ತೇವ ಯಾರ ಲೆಕ್ಕ?

ದಾವಣಗೆರೆಯ ಮೆಕ್ಕೆಜೋಳ ವ್ಯಾಪಾರಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ

ಎಲ್ಲರಿಗೂ ನಮಸ್ಕಾರ. ಹೊಸ ಮಾಲು ಯಾರ್ಡಿಗೆ ಬರುವ ಕಾಲ ಇದು. ಹಸಿ ಕಾಳು ಬಂದ ಹಾಗೆ ತಕರಾರೂ ಬರುತ್ತದೆ. ನಾನು ಇವತ್ತು ಹಿಡಿದುಕೊಂಡು ಬಂದಿರುವುದು ಒಂದೇ ಮಾತು: ಫೋನಿನಲ್ಲಿ ನಾವು ಒಪ್ಪುವುದು ರೇಟನ್ನು, ಜಗಳ ಆಗುವುದು ರೇಟಿನ ಮೇಲಲ್ಲ.

ಒಂದು ಲೋಡು ತೆಗೆದುಕೊಳ್ಳೋಣ. ನಾಮಕ್ಕಲ್‌ನ ಕೋಳಿ ಆಹಾರದ ಮಿಲ್ಲಿಗೆ 25 ಟನ್. ಲೆಕ್ಕಕ್ಕೆ ಕ್ವಿಂಟಾಲಿಗೆ 2,200 ರೂಪಾಯಿ ಅಂದುಕೊಳ್ಳಿ, ಮಿಲ್ಲಿಗೆ ತಲುಪಿಸಿ. ತೇವ ಶೇಕಡಾ 14. "ಆಯ್ತು ಸಾರ್, ಲಾರಿ ಕಳಿಸ್ತೀನಿ." ಎರಡು ನಿಮಿಷದಲ್ಲಿ ಐದೂವರೆ ಲಕ್ಷದ ವ್ಯಾಪಾರ ಮುಗಿಯಿತು. ಅಲ್ಲಿ ಹೋದಾಗ ಮೀಟರು 16 ತೋರಿಸಿತು. ಈಗ ಏನು? 14 ಅಂತ ಇಬ್ಬರೂ ಒಪ್ಪಿದ್ದಾರೆ. 14 ದಾಟಿದರೆ ಏನು ಅಂತ ಇಬ್ಬರೂ ಕೇಳಲೇ ಇಲ್ಲ.

ನೀವು ಹೇಳುತ್ತೀರಿ, ಹೆಚ್ಚಾದ ಪ್ರತಿ ಶೇಕಡಾ ಒಂದಕ್ಕೆ ತೂಕದಲ್ಲಿ ಶೇಕಡಾ ಒಂದು ಕಡಿತ ಅಂತ. ಅಂದರೆ 5 ಕ್ವಿಂಟಾಲ್, 11,000 ರೂಪಾಯಿ. ಮಿಲ್ಲಿನವರು ಒಂದಕ್ಕೆ ಎರಡು ಅನ್ನುತ್ತಾರೆ. 10 ಕ್ವಿಂಟಾಲ್, 22,000. ಅವರದೂ ಪೂರಾ ಅನ್ಯಾಯ ಅನ್ನಬೇಡಿ. 16ರ ಕಾಳನ್ನು 14ಕ್ಕೆ ಒಣಗಿಸಿದರೆ 25,000 ಕಿಲೋ 24,419ಕ್ಕೆ ಇಳಿಯುತ್ತದೆ. ಸುಮಾರು 12,800 ರೂಪಾಯಿಯ ತೂಕ ನೀರಾಗಿಯೇ ಹೋಗುತ್ತದೆ. ಒಣಗಿಸುವ ಖರ್ಚು ಬೇರೆ. ಹೀಗೆ ಇಬ್ಬರ ಹತ್ತಿರವೂ ನ್ಯಾಯವಿದೆ, ಕಾಗದ ಇಬ್ಬರ ಹತ್ತಿರವೂ ಇಲ್ಲ. ಲಾರಿ ಮಾತ್ರ ಗೇಟಿನಲ್ಲಿ ನಿಂತಿದೆ, ನಿಂತ ದಿನದ ಬಾಡಿಗೆ ಏರುತ್ತಿದೆ. ಆಗ ಬಗ್ಗುವವರು ಮಾಲು ಹೊರಗಿಟ್ಟವರು, ಅಂದರೆ ನೀವು.

ಆದ್ದರಿಂದ ಫೋನು ಇಟ್ಟ ತಕ್ಷಣ, ಹಮಾಲರು ಮೊದಲ ಚೀಲ ಎತ್ತುವ ಮುಂಚೆ, ಒಂದು ಸಂದೇಶ ಹೋಗಬೇಕು. ಹೀಗೆ:

"ಈಗ ಫೋನಿನಲ್ಲಿ ಮಾತಾಡಿದಂತೆ: ಮೆಕ್ಕೆಜೋಳ 25 ಟನ್, ಕ್ವಿಂಟಾಲಿಗೆ ರೂ. 2,200, ನಿಮ್ಮ ಮಿಲ್ಲಿಗೆ ತಲುಪಿಸಿ, ಬಾಡಿಗೆ ನಮ್ಮದು, ಅನ್‌ಲೋಡಿಂಗ್ ನಿಮ್ಮದು. ತೇವ 14ರವರೆಗೆ ಕಡಿತವಿಲ್ಲ; 14ರಿಂದ 16ರವರೆಗೆ ಒಂದಕ್ಕೆ ಒಂದು; 16 ದಾಟಿದರೆ ಇಳಿಸುವ ಮುಂಚೆ ನಮಗೆ ಫೋನ್ ಮಾಡಬೇಕು. ತೂಕ ನಿಮ್ಮ ವೇಬ್ರಿಡ್ಜ್‌ನದು, ಚೀಲದ ತೂಕ ಕಳೆದು. ಹಣ ಇಳಿಸಿದ ದಿನದಿಂದ 10 ದಿನದೊಳಗೆ. ಸರಿಯಿದ್ದರೆ 'ಒಪ್ಪಿದೆ' ಎಂದು ಇದಕ್ಕೇ ಉತ್ತರಿಸಿ. ಉತ್ತರ ಬಂದ ಮೇಲೆ ಲೋಡಿಂಗ್."

ಕೊನೆಯ ಸಾಲನ್ನು ಬಿಡಬೇಡಿ. ವಾಟ್ಸಾಪ್‌ನಲ್ಲಿ ನೀಲಿ ಗೆರೆ ಬಿದ್ದರೆ ಓದಿದ್ದಾರೆ ಅಂತಷ್ಟೇ ಅರ್ಥ, ಒಪ್ಪಿದ್ದಾರೆ ಅಂತಲ್ಲ. ಅವರು "ಒಂದಕ್ಕೆ ಎರಡು ಮಾಡಿ" ಅಂತ ಬರೆದರೆ ಅದು ಒಪ್ಪಿಗೆಯಲ್ಲ, ಹೊಸ ಬೇಡಿಕೆ. ಅದಕ್ಕೆ ಉತ್ತರ ಕೊಡದೆ ಲಾರಿ ಕಳಿಸಿದರೆ ನೀವೇ ಅದನ್ನು ಒಪ್ಪಿದಂತೆ ಆಗಬಹುದು. ಫೋನಿನಲ್ಲಿ ಮಾತಾಡದ ಷರತ್ತನ್ನು ಸಂದೇಶದಲ್ಲಿ ಮೆಲ್ಲಗೆ ತೂರಿಸಲೂ ಬೇಡಿ. ಮರೆತದ್ದು ನೆನಪಾದರೆ "ಇದು ಮಾತಾಡಿರಲಿಲ್ಲ, ಈಗ ಸೇರಿಸುತ್ತಿದ್ದೇನೆ" ಅಂತ ನೇರವಾಗಿ ಬರೆಯಿರಿ. ನಂಬಿಕೆ ಉಳಿಯುವುದು ಅಲ್ಲಿ.

"ಬಾಯಿಮಾತಿಗೆ ಬೆಲೆಯೇ ಇಲ್ಲವೇ?" ಅಂತ ಹಿಂದಿನ ಸಾಲಿನ ಹಿರಿಯರು ಕೇಳುತ್ತಿದ್ದಾರೆ. ಇದೆ ಯಜಮಾನರೇ, ಖಂಡಿತ ಇದೆ. 1930ರ ಸರಕು ಮಾರಾಟ ಕಾಯ್ದೆ ಬಾಯಿಮಾತಿನ ಒಪ್ಪಂದವನ್ನೂ ಮಾನ್ಯ ಮಾಡುತ್ತದೆ. ಫೋನಿನಲ್ಲಿ ಆದ ಹತ್ತಿಕಾಳು ಹಿಂಡಿ ವ್ಯಾಪಾರದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಒಪ್ಪಿಗೆಯ ಮಾತು ಯಾವ ಊರಿನಲ್ಲಿ ಕಿವಿಗೆ ಬಿತ್ತೋ ಅಲ್ಲಿ ಒಪ್ಪಂದ ಆಯಿತು ಅಂತ 1965ರಲ್ಲಿ ತೀರ್ಪು ಬಂತು. ಒಪ್ಪಂದ ಇದೆಯೋ ಇಲ್ಲವೋ ಎಂಬುದು ನಮ್ಮ ತೊಂದರೆಯಲ್ಲ. ಅದರೊಳಗೆ ಏನಿತ್ತು ಅಂತ ತೋರಿಸುವುದು ತೊಂದರೆ. ಮತ್ತೆ ಅಲ್ಲಿಗೇ ಬಂದೆ: ಒಪ್ಪಿದ್ದು ರೇಟು, ಜಗಳ ತೇವದ್ದು.

ಚೀಲದ ತೂಕ ಅಂದೆನಲ್ಲ, ಅದನ್ನು ಸಣ್ಣದು ಅನ್ನಬೇಡಿ. ಗೋಣಿಚೀಲ ಅರ್ಧ ಕಿಲೋಕ್ಕಿಂತ ಸ್ವಲ್ಪ ಹೆಚ್ಚು ತೂಗುತ್ತದೆ. 60 ಕಿಲೋ ಚೀಲದಲ್ಲಿ 25 ಟನ್ ಅಂದರೆ ನಾನೂರರ ಮೇಲೆ ಚೀಲ. ಎರಡು ಕ್ವಿಂಟಾಲಿಗೂ ಹೆಚ್ಚು ತೂಕ ಯಾರ ಲೆಕ್ಕಕ್ಕೆ ಅಂತ ಒಂದು ಪದದಲ್ಲಿ ತೀರುತ್ತದೆ.

ಸಮಯ ಆಯಿತು ಅಂತ ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ದಲಾಲರು ನಡುವೆ ಇದ್ದರೆ ಎರಡೂ ಕಡೆಗೆ ಬೇರೆ ಬೇರೆ ಬರೆಯುವುದು ಬೇಡ, ಮೂವರಿಗೂ ಒಂದೇ ಸಂದೇಶ ಹೋಗಲಿ. ದಾರಿಯಲ್ಲಿ ರೇಟೋ ಗಡುವೋ ಬದಲಾದರೆ "ಹಿಂದಿನದರಲ್ಲಿ ಇಷ್ಟು ಮಾತ್ರ ಬದಲು" ಅಂತ ಮತ್ತೆ ಬರೆದು ಮತ್ತೆ ಒಪ್ಪಿಗೆ ತೆಗೆದುಕೊಳ್ಳಿ. ವಾಟ್ಸಾಪ್‌ನಲ್ಲಿ ಸಂದೇಶ ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಇದ್ದರೆ ಇವತ್ತೇ ತೆಗೆಸಿ. ಕೋರ್ಟಿಗೆ ಹೋದರೆ ಸ್ಕ್ರೀನ್‌ಶಾಟಿನ ಪ್ರಿಂಟ್ ಒಂದೇ ಸಾಲದು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಹಾಗಾಗಿ ಬಾಕಿ ಪೂರ್ತಿ ಬರುವವರೆಗೆ ಆ ಹಳೇ ಫೋನನ್ನು ಮಾರಬೇಡಿ. ತೇವದ ಸ್ಯಾಂಪಲ್ ತೆಗೆಯುವ ಕ್ರಮದ ಬಗ್ಗೆ ಹೇಳುವುದಿತ್ತು. ಬೇಕಾದವರು ಊಟದ ಹೊತ್ತಿಗೆ ಸಿಗಿ, ಕೂತು ಮಾತಾಡೋಣ.