ಮಳೆಗಾಲ ಕಳೆದ ಹಾರ್ಮೋನಿಯಂ: ಬಿಚ್ಚುವ ಮೊದಲು ಗಾಳಿಯ ಪರೀಕ್ಷೆ

ಸಭಿಕರಿಗೆ ವಂದನೆಗಳು.

ಕಳೆದ ಅಕ್ಟೋಬರಿನಲ್ಲಿ ಕರಾವಳಿಯ ಭಜನಾ ಮಂಡಳಿಯೊಂದರವರು ತಮ್ಮ ಹಾರ್ಮೋನಿಯಂ ಅನ್ನು ನನ್ನಲ್ಲಿಗೆ ತಂದಿದ್ದರು. ಎಷ್ಟು ಒತ್ತಿದರೂ ಗಾಳಿ ನಿಲ್ಲುತ್ತಿಲ್ಲವೆಂದೂ ತಿದಿಯನ್ನೇ ಬದಲಿಸಬೇಕೆಂದು ಯಾರೋ ಹೇಳಿದ್ದಾರೆಂದೂ ತಿಳಿಸಿದರು. ನಾನು ಸ್ವರಗಳಿಗೆ ಹೋಗುವ ಗಾಳಿಯನ್ನು ತೆರೆದು ಮುಚ್ಚುವ ಎಲ್ಲ ಸ್ಟಾಪರುಗಳನ್ನು ಒಳಗೆ ತಳ್ಳಿ, ತಿದಿಯನ್ನು ನಾಲ್ಕೈದು ಬಾರಿ ಒತ್ತಿ ಬಿಟ್ಟೆ. ಒಳತಿದಿ ಬಹಳ ಹೊತ್ತು ಗಾಳಿ ಹಿಡಿದೇ ಇತ್ತು. ಅಂದರೆ ತಿದಿಯಲ್ಲಿ ತೂತಿರಲಿಲ್ಲ. ಬಳಿಕ ಸ್ಟಾಪರುಗಳನ್ನು ಎಳೆದು, ಬೆರಳಿನಿಂದ ಒತ್ತಿ ನುಡಿಸುವ ಯಾವ ಮನೆಯನ್ನೂ ಮುಟ್ಟದೆ ಮತ್ತೆ ಒತ್ತಿದಾಗ ಐದು ಎಣಿಸುವಷ್ಟರಲ್ಲಿ ಗಾಳಿ ಇಳಿದುಹೋಯಿತು, ಜೊತೆಗೆ ಮಂದ್ರದ ಪಂಚಮ ಸಣ್ಣಗೆ ಕೇಳಿಸಿತು. ಸೋರಿಕೆ ಇದ್ದದ್ದು ಮನೆಯ ಅಡಿಯಲ್ಲಿ.

ಮೇಲಿನ ಹಲಗೆಯನ್ನು ತೆಗೆದು ನೋಡಿದರೆ, ತೇವಕ್ಕೆ ಉಬ್ಬಿದ ಆ ಮನೆಯ ಪಕ್ಕದಲ್ಲಿ ಪಕ್ಕದ ಮನೆಗೆ ಉಜ್ಜಿಕೊಂಡು ಹೊಳಪೇರಿದ ಗುರುತಿತ್ತು; ಹಾಗಾಗಿ ಅದರ ಅಡಿಯ ತೊಗಲು ಗಾಳಿಯ ರಂಧ್ರದ ಮೇಲೆ ಪೂರ್ತಿ ಕೂರುತ್ತಿರಲಿಲ್ಲ. ಹೊಳಪಿದ್ದಲ್ಲಿ ಮಾತ್ರ ನಯವಾದ ಮರಳುಕಾಗದದಿಂದ ನಾಲ್ಕೈದು ಸಲ ಉಜ್ಜಿ, ತೊಗಲಿಗೆ ಅಂಟಿದ್ದ ಧೂಳನ್ನು ಮೃದುವಾದ ಕುಂಚದಿಂದ ತೆಗೆದದ್ದಷ್ಟೇ ಸಾಕಾಯಿತು. ಸಿಕ್ಕಿಕೊಂಡ ಮನೆಗೆ ಎಣ್ಣೆ ಬಿಡುವ ಅಭ್ಯಾಸ ದಯವಿಟ್ಟು ಬೇಡ. ಎಣ್ಣೆ ಮರಕ್ಕೂ ತೊಗಲಿಗೂ ಇಳಿದು, ಧೂಳು ಹಿಡಿದು, ಮುಂದಿನ ವರ್ಷ ಹತ್ತು ಮನೆಗಳು ಅಂಟುತ್ತವೆ.

ಸ್ಟಾಪರು ಮುಚ್ಚಿದಾಗಲೂ ಗಾಳಿ ಇಳಿದರೆ ತಿದಿಯನ್ನೇ ಶಂಕಿಸಬೇಕು. ಆಗ ಮಡಿಕೆಗಳ ಮೂಲೆಗಳ ಬಳಿ ಉರಿಯುವ ಊದುಬತ್ತಿಯನ್ನು ತಾಗದಂತೆ ಹಿಡಿದರೆ ಹೊಗೆ ಬಾಗಿದಲ್ಲಿ ತೂತಿರುತ್ತದೆ. ತೆಳು ಕುರಿತೊಗಲಿನ ತುಂಡನ್ನು ಅಂಟಿಸಿ, ತಿದಿಯನ್ನು ಮುಚ್ಚದೆ ಒಂದು ರಾತ್ರಿ ಒಣಗಲು ಬಿಡಬೇಕು. ಪ್ಲಾಸ್ಟಿಕ್ ಟೇಪು ಮಡಿಕೆಯಲ್ಲಿ ನಿಲ್ಲುವುದಿಲ್ಲ.

ಒಂದು ಸ್ವರ ಪೂರ್ತಿ ಮೂಕವಾದರೆ ಅಥವಾ ಝುಂಯ್ ಎಂದರೆ, ಹೆಚ್ಚಾಗಿ ಕಂಪಿಸಿ ಸ್ವರ ಹೊರಡಿಸುವ ರೀಡಿನ ನಾಲಗೆ ಮತ್ತು ಚೌಕಟ್ಟಿನ ನಡುವೆ ಒಂದು ಕಣ ಧೂಳು ಸಿಕ್ಕಿರುತ್ತದೆ. ಅಲ್ಲಿ ತೆಳು ಕಾಗದವನ್ನು ಮೆಲ್ಲನೆ ಜಾರಿಸಬಹುದು, ಆದರೆ ಚೂಪಾದುದರಿಂದ ಕೆರೆಯಕೂಡದು. ನಾಲಗೆಯ ತುದಿ ಸವೆದರೆ ಶ್ರುತಿ ಏರುತ್ತದೆ, ಬುಡ ಸವೆದರೆ ಇಳಿಯುತ್ತದೆ.

ಜೂನ್ ಬರುವ ಮೊದಲೇ ವಾದ್ಯವನ್ನು ನೆಲದಿಂದಲೂ ಹೊರಗೋಡೆಯಿಂದಲೂ ದೂರವಿರಿಸಿ, ಮರದ ಹಲಗೆಯ ಮೇಲೆ ಹತ್ತಿಬಟ್ಟೆ ಹೊದಿಸಿ ಇಡಿ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿಯುತ್ತದೆ. ಪೆಟ್ಟಿಗೆಯಲ್ಲಿ ಇಡುವುದಾದರೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಹರಳಿನ ಬಣ್ಣ ಬದಲಾದಾಗ ಹೊಸದನ್ನಿಡಿ. ತೇವ ಕಂಡಿತೆಂದು ಬಿಸಿಲಿಗೆ ಇಟ್ಟರೆ ಮರ ಸೀಳುತ್ತದೆ. ಫ್ಯಾನಿನ ಗಾಳಿಯಲ್ಲಿ ನಿಧಾನವಾಗಿ ಒಣಗಲಿ. ವಾರಕ್ಕೆ ಎರಡು ಬಾರಿಯಾದರೂ ಹತ್ತು ನಿಮಿಷ, ಎಲ್ಲ ಮನೆಗಳನ್ನೂ ಮುಟ್ಟುವಂತೆ, ಮಂದ್ರದಿಂದ ತಾರದವರೆಗೆ ನುಡಿಸಿ. ಯಾವ ಮನೆ ತಡವಾಗಿ ಏಳುತ್ತಿದೆಯೆಂಬುದು ಆಗಲೇ ಬೆರಳಿಗೆ ತಿಳಿಯುತ್ತದೆ.